ನಿಮಗಿದು ಗೊತ್ತೇ? ಫ್ಯಾಕ್ಟರಿ ರೀಸೆಟ್ ಮಾಡಿದರೂ ಟಿವಿ ಎಲ್ಲವನ್ನೂ ಮರೆಯುವುದಿಲ್ಲ

ಶಿವಮೊಗ್ಗದ ನಮ್ಮ ಭಾವ ಕಳೆದ ದೀಪಾವಳಿಗೆ ಹೊಸ ಟಿವಿ ತಂದರು. ಹಳೆಯ 43 ಇಂಚಿನ ಆಂಡ್ರಾಯ್ಡ್ ಟಿವಿಯನ್ನು ಮಹಡಿಯ ಬಾಡಿಗೆಯವರಿಗೆ ಕೊಡುವುದೆಂದು ತೀರ್ಮಾನವಾಯಿತು. ಕೊಡುವ ಮುನ್ನ ರಿಮೋಟ್ ಹಿಡಿದು, ಸೆಟ್ಟಿಂಗ್ಸ್ ಒಳಗೆ ಹೊಕ್ಕು, Erase everything ಎಂಬ ಸಾಲಿನ ಮೇಲೆ ಒತ್ತಿ, "ಆಯ್ತಪ್ಪ, ಇನ್ನು ಇದು ಅಂಗಡಿಯಿಂದ ಬಂದ ಹಾಗೇ" ಎಂದರು. ಅಷ್ಟು ಸರಳವಾಗಿದ್ದರೆ ಈ ಅಂಕಣವೇ ಬೇಕಿರಲಿಲ್ಲ. ಆ ಸಾಲಿನಲ್ಲಿ 'ಎಲ್ಲವನ್ನೂ' ಎಂದಿದ್ದರೂ ಅಳಿಯುವುದು ಎಲ್ಲವೂ ಅಲ್ಲ. ಅಳಿಯಲಿ ಎಂದುಕೊಂಡದ್ದರಲ್ಲಿ ಕೆಲವು ಉಳಿದವು, ಉಳಿಯಲಿ ಎಂದುಕೊಂಡದ್ದೊಂದು ಹೋಯಿತು.

ರಿಮೋಟಿನಿಂದ ಆಫ್ ಮಾಡಿದರೆ ಟಿವಿ ನಿಜವಾಗಿ ಆಫ್ ಆಗಿರುವುದಿಲ್ಲ, ಗೊತ್ತೇ?
ಅದು ತೂಕಡಿಸುತ್ತಿರುತ್ತದೆ ಅಷ್ಟೆ. ಮರುದಿನ ಆನ್ ಮಾಡಿದಾಗ ನಿನ್ನೆಯ ಗೋಜಲನ್ನೇ ಹೊತ್ತುಕೊಂಡು ಏಳುತ್ತದೆ. ಆ್ಯಪ್ ಸಿಕ್ಕಿಹಾಕಿಕೊಂಡಿದೆ, ದನಿ ಬರುತ್ತಿಲ್ಲ, ವೈಫೈ ಹಿಡಿಯುತ್ತಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಗೋಡೆಯ ಪ್ಲಗ್ ಕಿತ್ತು, ಒಂದೆರಡು ನಿಮಿಷ ಬಿಟ್ಟು, ಮತ್ತೆ ಹಾಕಿದರೆ ಸರಿಹೋಗುತ್ತವೆ. ಅದು ರೀಸ್ಟಾರ್ಟ್. ಅದರಲ್ಲಿ ಏನೂ ಅಳಿಯುವುದಿಲ್ಲ. ಕಸ್ಟಮರ್ ಕೇರ್‌ನವರು ಫೋನಿನಲ್ಲಿ "ರೀಸೆಟ್ ಮಾಡಿ ಸಾರ್" ಎಂದಾಗ ಯಾವುದನ್ನು ಹೇಳುತ್ತಿದ್ದಾರೆಂದು ಒಮ್ಮೆ ಕೇಳಿ ತಿಳಿದುಕೊಳ್ಳಿ. ಚಿತ್ರದ ಬಣ್ಣ, ಬೆಳಕನ್ನು ಮಾತ್ರ ಮೊದಲಿನಂತಾಗಿಸುವ ಪಿಕ್ಚರ್ ರೀಸೆಟ್ ಎಂಬುದೂ ಬೇರೆ ಇದೆ.

ಟಿವಿಯೊಳಗೆ ಎಷ್ಟು ಜಾಗ ಇದೆ, ಗೊತ್ತೇ?
ಸಾಮಾನ್ಯ ಸ್ಮಾರ್ಟ್ ಟಿವಿಯ ಬೋರ್ಡಿನ ಮೇಲೆ ಉಗುರಿನಷ್ಟು ದೊಡ್ಡ ಒಂದು ಮೆಮೊರಿ ಚಿಪ್ ಇರುತ್ತದೆ. ರಿಪೇರಿಯವರು ಅದನ್ನು ಇಎಂಎಂಸಿ ಎನ್ನುತ್ತಾರೆ. ಬಹಳಷ್ಟು ಟಿವಿಗಳಲ್ಲಿ ಅದರ ಅಳತೆ 8 ಜಿಬಿ ಅಥವಾ 16 ಜಿಬಿ; ಇಂದಿನ ಮಾಮೂಲಿ ಮೊಬೈಲಿಗಿಂತ ಎಷ್ಟೋ ಕಡಿಮೆ. ಆ ಒಂದೇ ಚಿಪ್ಪನ್ನು ಗೋಡೆ ಹಾಕಿ ಹಲವು ಕೋಣೆಗಳಾಗಿ ಹಂಚಿರುತ್ತಾರೆ. ಒಂದರಲ್ಲಿ ಟಿವಿಯನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಒಂದರಲ್ಲಿ ಆಂಡ್ರಾಯ್ಡ್, ಒಂದರಲ್ಲಿ ಕಂಪನಿಯ ಗುಟ್ಟಿನ ಸಂಖ್ಯೆಗಳು. ನಮ್ಮ ಪಾಲಿಗೆ ಬಿಟ್ಟುಕೊಟ್ಟ ಕೋಣೆಯ ಹೆಸರು /data. ನಾವು ಹಾಕಿದ ಆ್ಯಪ್, ಖಾತೆ, ಪಾಸ್‌ವರ್ಡ್, ವಾಲ್ಯೂಮ್ ಎಷ್ಟಿರಬೇಕೆಂಬ ಆಯ್ಕೆ, ಎಲ್ಲವೂ ಅಲ್ಲಿಯೇ. ಫ್ಯಾಕ್ಟರಿ ರೀಸೆಟ್ ಗುಡಿಸುವುದು ಆ ಕೋಣೆಯನ್ನು, ಜೊತೆಗೆ ತಾತ್ಕಾಲಿಕ ಫೈಲುಗಳ ಸಣ್ಣ ಕೋಣೆ ಇದ್ದರೆ ಅದನ್ನು. ಉಳಿದವುಗಳ ಬಾಗಿಲನ್ನು ಅದು ತಟ್ಟುವುದೂ ಇಲ್ಲ.

ಟಿವಿ ತನ್ನನ್ನು ತಾನೇ ಹೇಗೆ ಅಳಿಸಿಕೊಳ್ಳುತ್ತದೆ?
ಕುಳಿತ ಕೊಂಬೆಯನ್ನು ಕಡಿಯಲಾಗದು. ಆಂಡ್ರಾಯ್ಡ್ ಓಡುತ್ತಿರುವಾಗ ತಾನು ಬಳಸುತ್ತಿರುವ ಕೋಣೆಯನ್ನೇ ಅದು ಅಳಿಸುವಂತಿಲ್ಲ. ಅದಕ್ಕೇ ನೀವು ಒಪ್ಪಿಗೆ ಒತ್ತಿದ ಕ್ಷಣ ಏನನ್ನೂ ಅಳಿಸುವುದಿಲ್ಲ. ತನಗೆ ತಾನೇ ಒಂದು ಚೀಟಿ ಬರೆದಿಟ್ಟು ಮಲಗುತ್ತದೆ. ಮರಳಿ ಏಳುವಾಗ ಮೊದಲು ಎಚ್ಚರಗೊಳ್ಳುವ ಪುಟ್ಟ ಪ್ರೋಗ್ರಾಂ ಆ ಚೀಟಿಯನ್ನು ನೋಡಿ, ಆಂಡ್ರಾಯ್ಡನ್ನು ಎಬ್ಬಿಸದೆ 'ರಿಕವರಿ' ಎಂಬ ಕೆಲಸಗಾರನನ್ನು ಕರೆಯುತ್ತದೆ. ಚೀಟಿಯಲ್ಲಿ ಇರುವುದು ಇಷ್ಟೇ:

```
boot-recovery
recovery
--wipe_data
```

ರಿಕವರಿ ಬಂದು /data ಕೋಣೆಯನ್ನು ಫಾರ್ಮ್ಯಾಟ್ ಮಾಡುತ್ತದೆ, ತಾತ್ಕಾಲಿಕ ಕೋಣೆಯನ್ನೂ ಮಾಡುತ್ತದೆ, ಎಲ್ಲ ಮುಗಿದ ಮೇಲೆ ಚೀಟಿಯನ್ನು ಅಳಿಸುತ್ತದೆ. ಈ ಕ್ರಮದಲ್ಲೊಂದು ಜಾಣತನವಿದೆ. ಚೀಟಿ ಅಳಿಯುವುದು ಕಟ್ಟಕಡೆಗೆ. ನಡುವೆ ಕರೆಂಟ್ ಹೋಯಿತೆನ್ನಿ. ಮತ್ತೆ ಬಂದಾಗ ಚೀಟಿ ಅಲ್ಲೇ ಇರುತ್ತದೆ, ಕೆಲಸ ಮೊದಲಿನಿಂದ ಶುರುವಾಗುತ್ತದೆ. ಅರ್ಧ ಅಳಿದ ಟಿವಿ ಎದ್ದು ಕೂರುವ ಪ್ರಸಂಗ ಬಾರದಿರಲೆಂದೇ ಹೀಗೆ ಹೊಂದಿಸಿದ್ದಾರೆ. ಭಾವ ರೀಸೆಟ್ ಒತ್ತಿದ ಸಂಜೆಯೂ ಕರೆಂಟ್ ಹೋಗಿತ್ತು. ಇಡೀ ಮನೆ "ಟಿವಿ ಕೆಟ್ಟೇ ಹೋಯ್ತು" ಎಂದು ಹಲುಬಿತು. ಕರೆಂಟ್ ಬಂದ ಮೇಲೆ ಅದು ತನ್ನ ಪಾಡಿಗೆ ತಾನು ಕೆಲಸ ಮುಂದುವರಿಸಿತು. (ಸಾಫ್ಟ್‌ವೇರ್ ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋಗುವುದು ಬೇರೆ ಕಥೆ. ಅಲ್ಲಿ ತಿದ್ದುತ್ತಿರುವುದು ಆಂಡ್ರಾಯ್ಡ್ ಇರುವ ಕೋಣೆಯನ್ನೇ, ಅಪಾಯ ಹೆಚ್ಚು.)

ಅಳಿಸಲು ಬೇಕಾಗುವುದು ಬಹುಪಾಲು ಕೆಲವೇ ಸೆಕೆಂಡು!
ಹಾಗಾದರೆ ಐದು-ಹತ್ತು ನಿಮಿಷ ಕಂಪನಿಯ ಲೋಗೋ ನೋಡುತ್ತಾ ಕೂರುವುದು ಏಕೆ? ಆ ಹೊತ್ತು ಹೋಗುವುದು ಅಳಿಸುವುದಕ್ಕಲ್ಲ, ಮತ್ತೆ ಅಣಿಯಾಗುವುದಕ್ಕೆ. ಖಾಲಿ ಕೋಣೆಯಲ್ಲಿ ಪ್ರತಿಯೊಂದು ಆ್ಯಪಿಗೂ ಹೊಸದಾಗಿ ಜಾಗ ಮಾಡಿ, ಓಡಲು ಸಿದ್ಧಗೊಳಿಸಿ ಇಡಬೇಕು. ಅಡುಗೆಮನೆ ತೊಳೆದದ್ದಕ್ಕಿಂತ ಡಬ್ಬಿಗಳನ್ನು ಮತ್ತೆ ಜೋಡಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುವುದಿಲ್ಲವೇ, ಹಾಗೆ.

'ಫ್ಯಾಕ್ಟರಿ' ಎಂದರೆ ಫ್ಯಾಕ್ಟರಿಯಲ್ಲ!
ಈ ಹೆಸರೇ ಅರ್ಧ ಸುಳ್ಳು ಎಂಬುದು ನನ್ನ ದೂರು. ಭಾವನ ಟಿವಿ ಅಂಗಡಿಯಿಂದ ಬಂದಾಗ ಅದರಲ್ಲಿದ್ದದ್ದು ಆಂಡ್ರಾಯ್ಡ್ 8. ಮುಂದೆ ಕಂಪನಿ ಕಳಿಸಿದ ಅಪ್‌ಡೇಟ್‌ನಿಂದ ಅದು 9 ಆಯಿತು. ರೀಸೆಟ್ ಆದ ಮೇಲೆ 8ಕ್ಕೆ ಹಿಂದಿರುಗಿತೇ? ಇಲ್ಲ, 9 ಆಗಿಯೇ ಉಳಿಯಿತು. ಅಪ್‌ಡೇಟ್ ಬಂದಾಗ ಹಳೆಯ ಆಂಡ್ರಾಯ್ಡ್ ಇದ್ದ ಕೋಣೆಯಲ್ಲೇ ಹೊಸದನ್ನು ಬರೆದಿರುತ್ತಾರೆ. ಹಳೆಯದರ ಪ್ರತಿಯನ್ನು ನೆನಪಿಗೆಂದು ಯಾರೂ ಎತ್ತಿಟ್ಟಿರುವುದಿಲ್ಲ. "ಅಪ್‌ಡೇಟ್ ಆದ ಮೇಲೆ ಟಿವಿ ನಿಧಾನವಾಯಿತು, ರೀಸೆಟ್ ಮಾಡಿ ಹಳೆಯದಕ್ಕೆ ಹೋಗೋಣ" ಎಂದು ಹೊರಡುವವರು ಇಲ್ಲಿಯೇ ಎಡವುತ್ತಾರೆ.

ಆದರೆ ಆ್ಯಪ್‌ಗಳ ವಿಷಯದಲ್ಲಿ ಇದು ತಿರುವುಮುರುವು. ಯೂಟ್ಯೂಬ್‌ನಂತಹ ಆ್ಯಪ್ ಟಿವಿಯ ಜೊತೆಗೇ ಬರುತ್ತದಲ್ಲ, ಅದರ ಮೂಲಪ್ರತಿ ಆಂಡ್ರಾಯ್ಡ್ ಕೋಣೆಯಲ್ಲಿರುತ್ತದೆ. ಪ್ಲೇ ಸ್ಟೋರ್‌ನಿಂದ ಬರುವ ಹೊಸ ಪ್ರತಿಗಳು ಮಾತ್ರ ನಮ್ಮ ಕೋಣೆಯಲ್ಲಿ ಕೂರುತ್ತವೆ. ರೀಸೆಟ್ ಹೊಸದನ್ನು ಗುಡಿಸಿ ಹಾಕುತ್ತದೆ, ಒಳಗಿನ ಹಳೆಯದು ಮುಖ ತೋರಿಸುತ್ತದೆ. ಹೀಗಾಗಿ ರೀಸೆಟ್ ಆದ ಟಿವಿಯಲ್ಲಿ ವ್ಯವಸ್ಥೆ ಹೊಸದು, ಆ್ಯಪ್ ವರ್ಷಗಳಷ್ಟು ಹಳೆಯದು ಎಂಬ ವಿಚಿತ್ರ ಜೋಡಿ. ಮೊದಲ ದಿನ ಯಾವುದೋ ಆ್ಯಪ್ ತೆರೆಯಲಿಲ್ಲವೆಂದರೆ ಗಾಬರಿ ಬೇಡ. ಪ್ಲೇ ಸ್ಟೋರ್‌ಗೆ ಹೋಗಿ ಅಪ್‌ಡೇಟ್ ಮಾಡಿ, ಅರ್ಧ ಗಂಟೆ ಅದರ ಪಾಡಿಗೆ ಬಿಡಿ. ನೀವೇ ಹಾಕಿಕೊಂಡಿದ್ದ ಆ್ಯಪ್‌ಗಳಂತೂ ಪೂರ್ತಿ ಹೋಗಿರುತ್ತವೆ, ಅವುಗಳೊಳಗಿನ ಆಟದ ಅಂಕಗಳ ಸಮೇತ.

ಚಕಚಕ ಅಳಿಯುವವು
ವೈಫೈ ಪಾಸ್‌ವರ್ಡ್ ಹೋಗುತ್ತದೆ. ಗೂಗಲ್ ಖಾತೆ ಹೋಗುತ್ತದೆ. ಮಕ್ಕಳಿಗೆಂದು ಹಾಕಿದ್ದ ಪಿನ್ ಹೋಗುತ್ತದೆ, ಆದ್ದರಿಂದಲೇ ಹತ್ತನೇ ತರಗತಿಯ ಹುಡುಗರಿಗೆ ರೀಸೆಟ್ ಅಂದರೆ ಪ್ರೀತಿ. (ಸ್ಯಾಮ್‌ಸಂಗ್ ಟಿವಿಗಳು ರೀಸೆಟ್ ಮಾಡಲೂ ಪಿನ್ ಕೇಳುತ್ತವೆ. ನೀವು ಬದಲಿಸಿರದಿದ್ದರೆ ಆ ಪಿನ್ 0000. ಹುಡುಗರಿಗೆ ಇದೂ ಗೊತ್ತು.) ಸೌಂಡ್‌ಬಾರ್, ಹೆಡ್‌ಫೋನ್‌ಗಳ ಬ್ಲೂಟೂತ್ ನಂಟು ಕಡಿಯುತ್ತದೆ. ಟಿವಿಗೇ ನೇರವಾಗಿ ಡಿಷ್ ಕೇಬಲ್ ಚುಚ್ಚಿಕೊಂಡು ಡಿಡಿ ಫ್ರೀ ಡಿಷ್ ನೋಡುವವರ ಚಾನೆಲ್ ಪಟ್ಟಿ ಅಳಿಯುತ್ತದೆ, ಮತ್ತೆ ಸ್ಕ್ಯಾನ್ ಮಾಡಬೇಕು. ಡಿಟಿಎಚ್ ಡಬ್ಬಿ ಇಟ್ಟುಕೊಂಡವರಿಗೆ ಆ ಚಿಂತೆಯಿಲ್ಲ. ಚಾನೆಲ್‌ಗಳೂ ರೀಚಾರ್ಜೂ ಡಬ್ಬಿಯ ಲೆಕ್ಕ, ಟಿವಿಯದ್ದಲ್ಲ.

ರಿಮೋಟ್ ಕೆಟ್ಟಿಲ್ಲ, ಟಿವಿಗೆ ಅದರ ಗುರುತು ಮರೆತಿದೆ!
ಮಾತಾಡಿ ಹುಡುಕುವ ರಿಮೋಟ್‌ಗಳು ಎರಡು ದಾರಿಯಲ್ಲಿ ಟಿವಿಯೊಡನೆ ಮಾತಾಡುತ್ತವೆ. ಆನ್-ಆಫ್‌ನಂತಹ ಗುಂಡಿಗಳಿಗೆ ಹಳೆಯ ಇನ್‌ಫ್ರಾರೆಡ್ ಬೆಳಕು, ಮೈಕಿಗೆ ಬ್ಲೂಟೂತ್. ರೀಸೆಟ್ ಆದಾಗ ಟಿವಿಯ ಕಡೆಯ ಬ್ಲೂಟೂತ್ ಗುರುತು ಅಳಿಯುತ್ತದೆ. ಆಗ ಟಿವಿ ಆನ್ ಆಗುತ್ತದೆ, ಆದರೆ ಮೈಕಿನ ಗುಂಡಿ ಒತ್ತಿದರೆ ಉತ್ತರವಿಲ್ಲ. ಪರದೆಯ ಮೇಲೆ ತೋರಿಸುವ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಮತ್ತೆ ಪರಿಚಯವಾಗುತ್ತದೆ. ಹೊಸ ಸೆಲ್ ತರಲು ಓಡುವ ಮುನ್ನ ಇದನ್ನು ನೋಡಿ.

'ಮನೆಯೋ ಅಂಗಡಿಯೋ' ಎಂದು ಟಿವಿ ಕೇಳುತ್ತದೆ. ಏಕೆ?
ಸಿದ್ಧತೆಯ ಪ್ರಶ್ನೆಗಳ ನಡುವೆ ಇದೊಂದು ಬರುತ್ತದೆ. ಅವಸರದಲ್ಲಿ ಅಂಗಡಿ ಎಂದು ಒತ್ತಿಬಿಟ್ಟರೆ ಟಿವಿ ಷೋರೂಮಿನ ವೇಷ ತೊಡುತ್ತದೆ: ಕಣ್ಣು ಕುಕ್ಕುವ ಬೆಳಕು, ನಡುನಡುವೆ ತನ್ನ ಗುಣಗಾನದ ಪಟ್ಟಿ, ನೀವು ಬಣ್ಣ ಕಡಿಮೆ ಮಾಡಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಹಳೆಯ ಹೊಳಪು. ರೀಸೆಟ್‌ನಿಂದ ಟಿವಿ ಹಾಳಾಯಿತೆಂದು ಮೆಕ್ಯಾನಿಕ್‌ನನ್ನು ಕರೆಸಿದವರಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಮನೆ ಎಂದು ಬದಲಿಸಿದರೆ ಮುಗಿಯಿತು.

ಇದಕ್ಕಿಂತ ಗುಟ್ಟಾಗಿ ಬದಲಾಗುವುದು ಇನ್ನೆರಡು. ಆಟದ ಕನ್ಸೋಲ್ ಇಟ್ಟುಕೊಂಡವರು ಎಚ್‌ಡಿಎಂಐ ಕಿಂಡಿಯ ಗುಣಮಟ್ಟವನ್ನು ಹೆಚ್ಚಿನದಕ್ಕೆ ಬದಲಿಸಿಕೊಂಡಿರುತ್ತಾರಲ್ಲ, ಅದು ಹಲವು ಟಿವಿಗಳಲ್ಲಿ ಮತ್ತೆ ಸಾಧಾರಣಕ್ಕೆ ಇಳಿಯುತ್ತದೆ. ಚಿತ್ರ ಬರುತ್ತದೆ, ಎಚ್‌ಡಿಆರ್ ಕಳೆ ಬರುವುದಿಲ್ಲ. ಇನ್ನೊಂದು, ನಿಮ್ಮ 'ಬೇಡ'ಗಳು. ಏನು ನೋಡುತ್ತೀರೆಂಬ ಮಾಹಿತಿ ಕಳಿಸಬೇಡ ಎಂದು ಮೂರು ವರ್ಷದ ಹಿಂದೆ ಕುಳಿತು ಹುಡುಕಿ ಆಫ್ ಮಾಡಿದ್ದಿರಾ? ಆ ನಿರಾಕರಣೆಯೂ ಒಂದು ಸೆಟ್ಟಿಂಗ್, ಅದೂ ಅಳಿದಿದೆ. ಟಿವಿ ಮತ್ತೆ ಷರತ್ತುಗಳ ಪುಟಗಳನ್ನು ಮುಂದಿಟ್ಟು ಒಪ್ಪಿಗೆ ಕೇಳುತ್ತದೆ, ಎಲ್ಲದಕ್ಕೂ ಒಪ್ಪಿಗೆ ಎಂಬ ಗುಂಡಿ ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ. ರೀಸೆಟ್ ಮಾಡುವ ಮುನ್ನ ಚಿತ್ರ, ದನಿ, ಖಾಸಗಿತನದ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು ಉತ್ತಮ.

ಮೀಟರ್ ಮಾತ್ರ ಸೊನ್ನೆಯಾಗುವುದಿಲ್ಲ!
ಬಾಡಿಗೆಮನೆ ಖಾಲಿ ಮಾಡಿದರೆ ನಮ್ಮ ಸಾಮಾನು ಹೋಗುತ್ತದೆ. ಮನೆ ನಂಬರ್, ಕರೆಂಟ್ ಮೀಟರಿನ ಅಂಕಿ ಅಲ್ಲಿಯೇ ಇರುತ್ತವೆ. ಟಿವಿಯ ಸೀರಿಯಲ್ ನಂಬರ್, ವೈಫೈ ಚಿಪ್ಪಿನ ಗುರುತಿನ ಸಂಖ್ಯೆ ಬದಲಾಗುವುದಿಲ್ಲ. ಅನೇಕ ಟಿವಿಗಳು ಒಟ್ಟು ಎಷ್ಟು ಗಂಟೆ ಉರಿದಿವೆ ಎಂಬ ಲೆಕ್ಕವನ್ನೂ ಇಡುತ್ತವೆ. ಸರ್ವಿಸ್‌ನವರು ನೋಡುವ ಮೆನುವಿನಲ್ಲಿ ಅದು ಸಿಗುತ್ತದೆ, ಸಾಮಾನ್ಯ ರೀಸೆಟ್ ಅದನ್ನು ಮುಟ್ಟುವುದಿಲ್ಲ. ದಿನಕ್ಕೆ 6 ಗಂಟೆಯಂತೆ 5 ವರ್ಷ ಓಡಿದ ಟಿವಿ ಸುಮಾರು 11,000 ಗಂಟೆ ಉರಿದಿರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಭಾಷೆ ಕೇಳುವ ಹೊಚ್ಚಹೊಸ ಪರದೆಯನ್ನು ಕಂಡು ಮರುಳಾಗುವ ಬದಲು ಆ ಅಂಕಿ ಕೇಳುವುದು ಮೇಲು. ಆದರೆ ಸರ್ವಿಸ್ ಮೆನುವಿನಲ್ಲಿ ಬೇರೇನನ್ನೂ ಒತ್ತಬೇಡಿ. ಪ್ಯಾನೆಲ್ ಯಾವುದೆಂಬ ಸಂಖ್ಯೆ ತಪ್ಪಿದರೆ ಚಿತ್ರವೇ ತಲೆಕೆಳಗಾದೀತು, ಅದನ್ನು ಮಾಮೂಲಿ ರೀಸೆಟ್ ಸರಿಮಾಡದು.

ಪ್ರತಿ ಪ್ಯಾನೆಲ್ಲಿಗೂ ಕಾರ್ಖಾನೆಯಲ್ಲಿ ಅಳೆದು ಬರೆದ ಬಣ್ಣದ ತಿದ್ದುಪಡಿ ಇರುತ್ತದೆ. ಅದೂ ಉಳಿಯುತ್ತದೆ, ಉಳಿಯಲೇಬೇಕು. ಓಎಲ್ಇಡಿ ಟಿವಿಗಳಲ್ಲಿ ಇನ್ನೊಂದು ಲೆಕ್ಕವಿದೆ. ಎಲ್‌ಜಿಯ ಓಎಲ್ಇಡಿ ಒಟ್ಟು 4 ಗಂಟೆ ನೋಡಿದ ಮೇಲೆ, ರಿಮೋಟಿನಲ್ಲಿ ಆಫ್ ಮಾಡಿದಾಗ, ಚುಕ್ಕೆಗಳ ಸವೆತವನ್ನು ಸದ್ದಿಲ್ಲದೆ ಅಳೆದು ಸರಿದೂಗಿಸಿಕೊಳ್ಳುತ್ತದೆ. 2,000 ಗಂಟೆಗೊಮ್ಮೆ ದೊಡ್ಡ ಸುತ್ತು. ಈ ಸವೆತ ಚುಕ್ಕೆಗಳ ಮೈಯಲ್ಲೇ ಆದದ್ದು, ರೀಸೆಟ್‌ನಿಂದ ಮಾಯುವಂಥದ್ದಲ್ಲ. ಸುದ್ದಿವಾಹಿನಿಯ ಲೋಗೋ ಮೂಲೆಯಲ್ಲಿ ಅಚ್ಚೊತ್ತಿದ್ದರೆ ನೂರು ರೀಸೆಟ್ ಮಾಡಿದರೂ ಅದು ಅಲ್ಲಿಯೇ. ಅಂದಹಾಗೆ, ಟಿವಿ ಆಫ್ ಮಾಡಿದ ಕೂಡಲೇ ಗೋಡೆಯ ಸ್ವಿಚ್ಚನ್ನೂ ಆರಿಸುವ ನಮ್ಮ ಮನೆಗಳ ಒಳ್ಳೆಯ ಅಭ್ಯಾಸ ಓಎಲ್ಇಡಿಗೆ ಒಳ್ಳೆಯದಲ್ಲ. ಆ ಸರಿದೂಗಿಸುವ ಕೆಲಸಕ್ಕೆ ಕರೆಂಟೇ ಸಿಗುವುದಿಲ್ಲ.

ಎಚ್‌ಡಿ ಬಾರದಿದ್ದರೆ ರೀಸೆಟ್ ಯಾವಾಗಲೂ ಮದ್ದಲ್ಲ
ಸಿನಿಮಾ ಕಂಪನಿಗಳ ಕಳ್ಳಪ್ರತಿ-ತಡೆಗೆ ಗೂಗಲ್‌ನ ವೈಡ್‌ವೈನ್ ಎಂಬ ಬೀಗವಿದೆ. ಅದರ ಕೀಲಿ ಟಿವಿಯೊಳಗೆ ಕಾರ್ಖಾನೆಯಲ್ಲೇ ಸೇರಿ, ಸಾಮಾನ್ಯ ಆ್ಯಪ್‌ಗಳು ಮುಟ್ಟಲಾರದ ಜಾಗದಲ್ಲಿ ಕೂತಿರುತ್ತದೆ. ಎಲ್1 ದರ್ಜೆಯ ಕೀಲಿ ಇದ್ದರೆ ಎಚ್‌ಡಿ, 4ಕೆ. ಬರೀ ಎಲ್3 ಇದ್ದರೆ ಮುಖ್ಯ ಸಿನಿಮಾ ಆ್ಯಪ್‌ಗಳು ಮಸುಕು ಚಿತ್ರವನ್ನಷ್ಟೇ ಕೊಡುತ್ತವೆ. ಅಗ್ಗದ ಆಂಡ್ರಾಯ್ಡ್ ಡಬ್ಬಿ ಎಲ್3 ಆಗಿ ಹುಟ್ಟಿದ್ದರೆ ರೀಸೆಟ್ ಅದನ್ನು ಎಲ್1 ಮಾಡಲಾರದು.

ಪರದೆಯ ಮೇಲೊಂದು ಗೆರೆ: ದೋಷ ಯಾರದು?
ಸರಳ ಪರೀಕ್ಷೆಯಿದೆ. ಟಿವಿಯ ಸ್ವಂತ ಮೆನು ತೆರೆಯಿರಿ. ಗೆರೆ ಅಥವಾ ಕಪ್ಪು ಮಚ್ಚೆ ಮೆನುವಿನ ಮೇಲೂ ಹಾಗೆಯೇ ಹಾದುಹೋದರೆ, ಎಚ್‌ಡಿಎಂಐನಲ್ಲೂ ಕಂಡರೆ, ಬಹುತೇಕ ಪ್ಯಾನೆಲ್ಲಿನದ್ದು ಅಥವಾ ಅದಕ್ಕೆ ಹೋಗುವ ಪಟ್ಟಿಯದ್ದು. ರೀಸೆಟ್ ಮಾಡಿ ನಿಮ್ಮ ಸೆಟ್ಟಿಂಗ್ಸ್ ಕಳೆದುಕೊಳ್ಳುವುದಷ್ಟೇ ಲಾಭ. ಗೆರೆ ಒಂದೇ ಆ್ಯಪಿನಲ್ಲಿ ಕಂಡರೆ ಆ ಆ್ಯಪಿನ ಡೇಟಾ ಮಾತ್ರ ಅಳಿಸಿ ನೋಡಿ.

ನಿಧಾನವಾದ ಟಿವಿಗೆ ರೀಸೆಟ್ ನಿಜವಾಗಿಯೂ ಉಪಕಾರಿ, ತುಂಬಿದ ನಮ್ಮ ಕೋಣೆ ಖಾಲಿಯಾಗುತ್ತದಲ್ಲ. ಆದರೆ ಅಲ್ಲಿಯೂ ಒಂದು ಕಿವಿಮಾತು. ಮೆಮೊರಿ ಚಿಪ್‌ಗೆ ಆಯುಸ್ಸಿದೆ. ಬರೆದು ಅಳಿಸಿ ಬರೆದು ಅದರ ಕಣಗಳು ಸವೆಯುತ್ತವೆ. ಕೆಲವು ಚಿಪ್‌ಗಳು ಕೊನೆಗಾಲದಲ್ಲಿ ಓದಲು ಬರುತ್ತವೆ, ಬರೆಯಲು ಬಿಡುವುದಿಲ್ಲ. ಆಗ ನಡೆಯುವುದು ದೆವ್ವದ ಕಥೆಯಂತಿರುತ್ತದೆ. ರೀಸೆಟ್ ಮಾಡುತ್ತೀರಿ, ಟಿವಿ ಆಯಿತೆನ್ನುತ್ತದೆ, ಎದ್ದ ಮೇಲೆ ನೋಡಿದರೆ ಹಳೆಯ ಆ್ಯಪ್, ಹಳೆಯ ಖಾತೆ, ಎಲ್ಲವೂ ಇದ್ದಲ್ಲೇ! ಹೀಗಾದರೆ ಸಾಫ್ಟ್‌ವೇರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಚಿಪ್ ಅಥವಾ ಬೋರ್ಡ್ ಬದಲಿಸಬೇಕು. ರೀಸೆಟ್ ಆಗಿದೆ ಎನ್ನಲು ಗುರುತು ಒಂದೇ: ಟಿವಿ ನಿಮ್ಮನ್ನು ಭಾಷೆ ಯಾವುದೆಂದು ಕೇಳಬೇಕು.

ರೀಸೆಟ್ ಮಾಡಬೇಡಿ ಎಂದು ಗೂಗಲ್ಲೇ ಬೇಡಿಕೊಂಡ ದಿನಗಳು
2025ರ ಮಾರ್ಚ್ 9. ಜಗತ್ತಿನ ಹಲವೆಡೆ ಟಿವಿಯ ಹಿಂದೆ ಚುಚ್ಚಿದ್ದ ಹಳೆಯ ಕ್ರೋಮ್‌ಕಾಸ್ಟ್‌ಗಳು ಒಟ್ಟಿಗೆ ಮುಷ್ಕರ ಹೂಡಿದವು. 2015ರಲ್ಲಿ ಬಂದ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್, ಜೊತೆಗೆ ಕ್ರೋಮ್‌ಕಾಸ್ಟ್ ಆಡಿಯೊ. ಮೊಬೈಲಿನಿಂದ ವಿಡಿಯೊ ಕಳಿಸಿದರೆ Untrusted device ಎಂಬ ಸಂದೇಶ. ಜನ ಮೊದಲು ಮಾಡಿದ್ದು ಏನು? ರೀಸೆಟ್.

ಕಾರಣ ಬೇರೆಯೇ ಇತ್ತು. ಈ ಸಾಧನಗಳು ಅಸಲಿ ಎಂದು ಹೇಳುವ ಡಿಜಿಟಲ್ ಪ್ರಮಾಣಪತ್ರದ ಸರಣಿಯಲ್ಲಿ ಒಂದರ ಹತ್ತು ವರ್ಷದ ವಾಯಿದೆ ಆ ದಿನ ತೀರಿತ್ತು. ಪ್ರಮಾಣಪತ್ರ ಇದ್ದದ್ದು ರೀಸೆಟ್ ಮುಟ್ಟದ ಕೋಣೆಯಲ್ಲಿ. ಹಾಗಾಗಿ ರೀಸೆಟ್‌ನಿಂದ ಹಳಸಿದ ಪತ್ರ ಹಾಗೆಯೇ ಉಳಿಯಿತು, ಚೆನ್ನಾಗಿದ್ದ ವೈಫೈ ನಂಟು ಮಾತ್ರ ಅಳಿಯಿತು. ಮತ್ತೆ ವೈಫೈಗೆ ಸೇರಿಸಲು ಹೋದರೆ ಗೂಗಲ್ ಹೋಮ್ ಆ್ಯಪ್ ಮೊದಲು ಕೇಳುವುದು ಅದೇ ಪ್ರಮಾಣಪತ್ರವನ್ನು! ಬಾಗಿಲು ಹಾಕಿ ಕೀಲಿ ಒಳಗೆ ಬಿಟ್ಟಂತಾಯಿತು. ಗೂಗಲ್ "ಫ್ಯಾಕ್ಟರಿ ರೀಸೆಟ್ ಮಾಡಬೇಡಿ" ಎಂದು ಬಳಕೆದಾರರಿಗೆ ತಿಳಿಸಿತು. ಕೆಲವೇ ದಿನಗಳಲ್ಲಿ ಇಂಟರ್ನೆಟ್ ಮೂಲಕವೇ ಸರಿಪಡಿಸುವ ಅಪ್‌ಡೇಟ್ ಬಂತು. ರೀಸೆಟ್ ಮಾಡದೆ ತಾಳಿಕೊಂಡವರ ಸಾಧನ ತಾನಾಗಿ ಸರಿಯಾಯಿತು. ರೀಸೆಟ್ ಮಾಡಿಬಿಟ್ಟವರು ಹೋಮ್ ಆ್ಯಪಿನ ತಿದ್ದುಪಡಿಗಾಗಿ ಇನ್ನಷ್ಟು ದಿನ ಕಾಯಬೇಕಾಯಿತು.

ಹಳೆಯ ಸ್ಮಾರ್ಟ್ ಟಿವಿ ಇದ್ದವರಿಗೂ ಇದೇ ಅಪಾಯ. 2010-11ರ ಕೆಲವು ಸ್ಯಾಮ್‌ಸಂಗ್ ಟಿವಿಗಳಿಗೆ ನೆಟ್‌ಫ್ಲಿಕ್ಸ್ 2019ರ ಡಿಸೆಂಬರ್ 1ರಿಂದ ಬೆಂಬಲ ನಿಲ್ಲಿಸಿತು. ಹತ್ತು-ಹನ್ನೆರಡು ವರ್ಷದ ಟಿವಿಯಲ್ಲಿ ಯಾವುದೋ ಆ್ಯಪ್ ಇನ್ನೂ ಏದುಸಿರು ಬಿಡುತ್ತಾ ಓಡುತ್ತಿದೆಯೆಂದರೆ ಅದನ್ನು ಅಳಿಸುವ ಮುನ್ನ, ಆ ಟಿವಿಯ ಆ್ಯಪ್ ಅಂಗಡಿಯಲ್ಲಿ ಅದು ಇನ್ನೂ ಸಿಗುತ್ತದೆಯೇ ನೋಡಿಕೊಳ್ಳಿ. ಸಿಗದಿದ್ದರೆ ರೀಸೆಟ್ ಅದರ ತಿಥಿ.

ಟಿವಿ ಮರೆತರೂ ಸರ್ವರ್ ಮರೆಯುವುದಿಲ್ಲ
ಭಾವನ ಟಿವಿಯಿಂದ ಖಾತೆ ಅಳಿದ ಎರಡು ವಾರದ ಮೇಲೆ ಅವರ ನೆಟ್‌ಫ್ಲಿಕ್ಸ್ ಖಾತೆಯ ಸಾಧನಗಳ ಪಟ್ಟಿ ತೆರೆದು ನೋಡಿದೆವು. ಹಳೆಯ ಟಿವಿ ಅಲ್ಲಿ ಹಾಯಾಗಿ ಕೂತಿತ್ತು. ಯಾವ ಸಾಧನಗಳಲ್ಲಿ ಖಾತೆ ತೆರೆದಿದೆ ಎಂದು ನೋಡಿ ಹೊರಹಾಕುವ ಈ ಸೌಲಭ್ಯವನ್ನು ನೆಟ್‌ಫ್ಲಿಕ್ಸ್ 2022ರ ನವೆಂಬರಿನಲ್ಲಿ ಕೊಟ್ಟಿತು, ಮೊಬೈಲಿನಿಂದಲೇ ಮಾಡಬಹುದು. ನೋಡಿದ ಸಿನಿಮಾಗಳ ಪಟ್ಟಿ, ಯೂಟ್ಯೂಬ್ ಇತಿಹಾಸ, ತಿಂಗಳ ಚಂದಾ, ಇವೆಲ್ಲ ಇರುವುದು ಕಂಪನಿಗಳ ಸರ್ವರ್‌ನಲ್ಲಿ. ಟಿವಿ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಸರಿಯಾದ ಕ್ರಮವೆಂದರೆ, ಇಂಟರ್ನೆಟ್ ಇರುವಾಗಲೇ ಒಂದೊಂದು ಆ್ಯಪಿನಿಂದ ಸೈನ್ ಔಟ್ ಆಗಿ, ಆಮೇಲೆ ರೀಸೆಟ್ ಮಾಡಿ, ಭಾಷೆ ಕೇಳುವ ಪರದೆ ಬಂದೊಡನೆ ಪ್ಲಗ್ ಕೀಳುವುದು.

ಟಿವಿ ತಾನಾಗಿ ಕಳಿಸಿಬಿಟ್ಟ ಮಾಹಿತಿಯಂತೂ ನಮ್ಮ ಕೈಗೆ ಸಿಗುವುದೇ ಇಲ್ಲ. ಅಮೆರಿಕದ ವಿಝಿಯೊ ಕಂಪನಿ 1.1 ಕೋಟಿ ಟಿವಿಗಳಲ್ಲಿ, ಪರದೆಯ ಮೇಲೆ ಏನು ಓಡುತ್ತಿದೆಯೆಂದು ಗುರುತಿಸಿ ದಾಖಲಿಸುತ್ತಿತ್ತು, ನೋಡುವವರ ಸರಿಯಾದ ಒಪ್ಪಿಗೆಯಿಲ್ಲದೆ. 2017ರ ಫೆಬ್ರುವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯದೊಡನೆ ರಾಜಿಯಾಗಿ 22 ಲಕ್ಷ ಡಾಲರ್ ತೆರಲು ಒಪ್ಪಿತು. 2016ರ ಮಾರ್ಚ್ 1ಕ್ಕೆ ಮುನ್ನ ಕಲೆಹಾಕಿದ ಮಾಹಿತಿಯನ್ನು ಅಳಿಸಬೇಕೆಂದು ಆದೇಶವಾಯಿತು. ಯಾವ ರಿಮೋಟಿನ ಯಾವ ಗುಂಡಿಯೂ ಆ ಕೆಲಸ ಮಾಡುತ್ತಿರಲಿಲ್ಲ.

ಅಳಿಸಿದ್ದನ್ನು ಯಾರಾದರೂ ಮರಳಿ ತೆಗೆಯಬಲ್ಲರೇ?
ಹೊಸ ಟಿವಿಯಾದರೆ ಬಹುಮಟ್ಟಿಗೆ ಇಲ್ಲ. ಆಂಡ್ರಾಯ್ಡ್ 10ರೊಡನೆ ಮಾರುಕಟ್ಟೆಗೆ ಬರುವ ಸಾಧನಗಳೆಲ್ಲ, ಟಿವಿ ಕೂಡ, ಬಳಕೆದಾರರ ಮಾಹಿತಿಯನ್ನು ಗೂಢಲಿಪಿಯಲ್ಲೇ ಇಡಬೇಕೆಂದು 2019ರಲ್ಲಿ ಗೂಗಲ್ ಕಡ್ಡಾಯ ಮಾಡಿತು. ಟಿವಿಗಳ ಬಡಪಾಯಿ ಪ್ರೊಸೆಸರ್‌ಗೆ ಇದು ಹೊರೆಯಾಗದಿರಲೆಂದು ಅಡಿಯಾಂಟಮ್ ಎಂಬ ಹಗುರ ವಿಧಾನವನ್ನೂ ಅದೇ ವರ್ಷ ಕೊಟ್ಟಿತು. ಅಂಥ ಟಿವಿಯಲ್ಲಿ ರೀಸೆಟ್ ಎಂದರೆ ಕೀಲಿಯ ನಾಶ. ಅಕ್ಷರಗಳ ಚೂರು ಚಿಪ್ಪಿನಲ್ಲಿ ಉಳಿದರೂ ಓದುವ ಬಗೆ ಇಲ್ಲ. ಅದಕ್ಕಿಂತ ಹಳೆಯ ಟಿವಿಗಳಲ್ಲಿ ಚಿಪ್ ಕಿತ್ತು ಪ್ರಯೋಗಾಲಯದಲ್ಲಿ ಓದುವವರಿಗೆ ಏನಾದರೂ ಸಿಕ್ಕೀತು. ಮಹಡಿಯ ಬಾಡಿಗೆಯವರು ಅಷ್ಟು ದೂರ ಹೋಗುವುದಿಲ್ಲವೆಂದು ಭಾವನಿಗೆ ಧೈರ್ಯ ಹೇಳಿದೆ.

ಆದರೆ ಪೆನ್‌ಡ್ರೈವ್?
ಟಿವಿಗೆ ಚುಚ್ಚಿದ ಮಾಮೂಲಿ ಪೆನ್‌ಡ್ರೈವ್ ರೀಸೆಟ್‌ನಲ್ಲಿ ಅಳಿಯುವುದಿಲ್ಲ. ಭಾವ ಇದನ್ನು ಎಲ್ಲೋ ಓದಿ ನಿಶ್ಚಿಂತರಾಗಿದ್ದರು. ಅವರ ಪೆನ್‌ಡ್ರೈವ್ ಮಾಮೂಲಿಯಾಗಿರಲಿಲ್ಲ. ಮೂರು ವರ್ಷದ ಹಿಂದೆ ಟಿವಿ ತುಂಬಿತೆಂದು 64 ಜಿಬಿಯ ಒಂದನ್ನು ತಂದು ಚುಚ್ಚಿದಾಗ, ಇದನ್ನು ಟಿವಿಯ ಸ್ವಂತ ಜಾಗವಾಗಿ ಬಳಸಲೇ ಎಂದು ಪರದೆ ಕೇಳಿತ್ತು, ಇವರು ಹೂಂ ಎಂದಿದ್ದರು. 2015ರ ಆಂಡ್ರಾಯ್ಡ್ 6ರಿಂದ ಬಂದ ಸೌಲಭ್ಯ ಅದು. ಹೀಗೆ ದತ್ತು ತೆಗೆದುಕೊಂಡ ಪೆನ್‌ಡ್ರೈವ್‌ನ ಮೇಲಿನದ್ದನ್ನೆಲ್ಲ ಟಿವಿ ಗೂಢಲಿಪಿಯಲ್ಲಿ ಬರೆಯುತ್ತದೆ. ಅದನ್ನು ಬಿಡಿಸುವ ಕೀಲಿ ಇರುವುದು ಪೆನ್‌ಡ್ರೈವ್‌ನಲ್ಲಲ್ಲ, ಟಿವಿಯ ಆ /data ಕೋಣೆಯಲ್ಲಿ. ಅಕ್ಕ ಮಗಳ ನಾಮಕರಣದ ವಿಡಿಯೊಗಳನ್ನು ದೊಡ್ಡ ಪರದೆಯಲ್ಲಿ ನೋಡಲೆಂದು ಮೊಬೈಲಿನಿಂದ ಟಿವಿಗೆ ಕಳಿಸಿ ಅಲ್ಲಿಯೇ ಉಳಿಸಿದ್ದಳು. ಮೊಬೈಲ್ ಆಮೇಲೆ ಬದಲಾಗಿತ್ತು.

ದತ್ತು ಪೆನ್‌ಡ್ರೈವ್ ಗುರುತಿಸುವುದು ಕಷ್ಟವಲ್ಲ. ಟಿವಿ ಸರಿಯಿರುವಾಗ ಅದನ್ನು ಕಿತ್ತು ಕಂಪ್ಯೂಟರಿಗೆ ಚುಚ್ಚಿ. ಫೈಲುಗಳು ಕಾಣದೆ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಅದು ದತ್ತು ಹೋಗಿದೆ ಎಂದೇ ತಿಳಿಯಬೇಕು. ಬೇಡ ಎಂದು ಒತ್ತಿ, ಮತ್ತೆ ಟಿವಿಗೆ ಹಾಕಿ, ಬೇಕಾದ್ದನ್ನು ಬೇರೆಡೆಗೆ ನಕಲಿಸಿಕೊಳ್ಳಿ. ರೀಸೆಟ್ ಆಮೇಲಿನ ಮಾತು. ನಾವು ಈ ಪರೀಕ್ಷೆ ಮಾಡಿದ್ದು ರೀಸೆಟ್ ಆದ ಮರುದಿನ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು, ಟಿವಿಯೂ ಅದನ್ನೇ ಕೇಳಿತು. ಕೀಲಿ ಹಿಂದಿನ ಸಂಜೆಯೇ ಅಳಿದಿತ್ತು. ವಿಡಿಯೊಗಳು ಈಗಲೂ ಅದರ ಮೇಲೆಯೇ ಇವೆ, ಯಾರೂ ಓದಲಾರರು ಅಷ್ಟೆ.

ಆ ಪೆನ್‌ಡ್ರೈವ್ ಇಂದಿಗೂ ದೇವರಮನೆಯ ಗೂಡಿನಲ್ಲಿದೆ. "64 ಜಿಬಿ ಸುಮ್ಮನೆ ಕೂತಿದೆಯಲ್ಲ, ಫಾರ್ಮ್ಯಾಟ್ ಮಾಡಿ ಬಳಸೋಣ" ಎಂದು ಭಾವ ಆಗಾಗ ಅನ್ನುತ್ತಾರೆ. ಅಕ್ಕ ಬಿಡುತ್ತಿಲ್ಲ.